ಎಸ್ಸೆಸ್ಸೆಲ್ಸಿ ಮ್ಯಾಪ್ ಪ್ರಶ್ನೆ: ಗಡಿ ಇರುವ ನಕ್ಷೆಯೋ, ಬರೀ ಹೊರಗೆರೆಯೋ, ಸ್ಟೆನ್ಸಿಲ್ಲೋ, ಕೈಬರಹವೋ?

ಸಂಜೆ ಹೊತ್ತು ನಾನು ಹತ್ತನೇ ಕ್ಲಾಸಿನ ಕೆಲವು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನವೆಂಬರ್ ಬಂತೆಂದರೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮ್ಯಾಪ್ ಪ್ರಾಕ್ಟೀಸ್ ಮಾಡಿಸಬೇಕು, ಯಾವ ಮ್ಯಾಪ್ ತರಲಿ? ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ಖಾಲಿ ನಕ್ಷೆ ಸಾಕಾ? ಪ್ಲಾಸ್ಟಿಕ್ ಸ್ಟೆನ್ಸಿಲ್ ತೆಗೆದುಕೊಳ್ಳಲಾ? ಸುಮ್ನೆ ಕೈಯಲ್ಲೇ ಬರೆಸಲಾ? ಎಲ್ಲವನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿದ್ದೇನೆ. ಯಾವುದು ಯಾವಾಗ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಪರೀಕ್ಷೆ ಏನು ಕೇಳುತ್ತದೆ ನೋಡಿ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆದು ಕೆಳಗಿನವುಗಳನ್ನು ಗುರುತಿಸಿ ಅಂತ ಕೇಳುತ್ತಾರೆ. ನಕ್ಷೆ ಬರೆದದ್ದಕ್ಕೆ 1 ಅಂಕ, ಗುರುತಿಸಿದ್ದಕ್ಕೆ 4, ಒಟ್ಟು 5. ಅಂದರೆ ಮ್ಯಾಪನ್ನು ಮಗುವೇ ಬರೆಯಬೇಕು. ಸಿಬಿಎಸ್‌ಇ ಹತ್ತನೇ ಕ್ಲಾಸಿನಲ್ಲಿ ಹಾಗಲ್ಲ, ಅಲ್ಲಿ ರಾಜ್ಯಗಳ ಗಡಿ ಇರುವ ನಕ್ಷೆಯನ್ನು ಪ್ರಶ್ನೆಪತ್ರಿಕೆಯ ಜೊತೆಗೇ ಕೊಡುತ್ತಾರೆ, ಅದರ ಮೇಲೆ ಗುರುತಿಸಿದರೆ ಆಯಿತು. ಯುಪಿಎಸ್‌ಸಿಯಲ್ಲಿ ಭೂಗೋಳವನ್ನು ಐಚ್ಛಿಕವಾಗಿ ತೆಗೆದುಕೊಂಡವರಿಗೂ ನಕ್ಷೆ ಕೊಡುತ್ತಾರೆ. ಆದರೆ ಅಲ್ಲಿ 10 ಜಾಗ ಗುರುತಿಸಿ, ಒಂದೊಂದರ ಮಹತ್ವವನ್ನೂ 30 ಪದಗಳೊಳಗೆ ಬರೆಯಬೇಕು. ಮೂರೂ ಮ್ಯಾಪ್ ಪ್ರಶ್ನೆಗಳೇ, ಆದರೆ ಬೇಕಾದ ತಯಾರಿ ಬೇರೆ ಬೇರೆ. ಸಿಬಿಎಸ್‌ಇ ಓದುವ ಪಕ್ಕದ ಮನೆ ಹುಡುಗನ ಪ್ರಾಕ್ಟೀಸ್ ಶೀಟನ್ನು ನಿಮ್ಮ ಮಗಳಿಗೆ ಜೆರಾಕ್ಸ್ ಮಾಡಿಸಿ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಎಸ್ಸೆಸ್ಸೆಲ್ಸಿ ಬಗ್ಗೆ. ಅಂಕದ ಹಂಚಿಕೆ ಆಗಾಗ ಬದಲಾಗುವುದುಂಟು. ಪರೀಕ್ಷಾ ಮಂಡಳಿ ಆ ವರ್ಷಕ್ಕೆ ಬಿಡುವ ಮಾದರಿ ಪತ್ರಿಕೆಯನ್ನು ಒಮ್ಮೆ ನೋಡಿಕೊಳ್ಳಿ.

ರಾಜ್ಯದ ಗಡಿ ಇರುವ ಖಾಲಿ ನಕ್ಷೆ

ಎಲ್ಲ ಪೇಪರ್ ಅಂಗಡಿಯಲ್ಲೂ ಸಿಗುವುದು ಇದೇ. ಮಕ್ಕಳಿಗೂ ಇದೇ ಇಷ್ಟ, ಯಾಕೆಂದರೆ ಇದರಲ್ಲಿ ಬೇಗ ಸರಿ ಬರುತ್ತದೆ. ಹಿರಾಕುಡ್ ಒಡಿಶಾದಲ್ಲಿದೆ ಅಂತ ಗೊತ್ತಿದ್ದರೆ ಸಾಕು, ಒಡಿಶಾದ ಚೌಕಟ್ಟಿನೊಳಗೆ ಒಂದು ಚುಕ್ಕಿ ಇಟ್ಟುಬಿಡುತ್ತಾರೆ. ತೊಂದರೆಯೂ ಅಲ್ಲೇ ಇದೆ. ಮಗು ಕಲಿತದ್ದು ಜಾಗ ಅಲ್ಲ, ರಾಜ್ಯದ ಹೆಸರು. ಗಡಿ ತೆಗೆದ ಕೂಡಲೇ ಕೈ ಎಲ್ಲಿ ಇಡಬೇಕು ಅಂತ ತಿಳಿಯುವುದಿಲ್ಲ.

ನನಗೇ ಹೀಗಾಗಿತ್ತು. ನಾನು ಓದಿದ ಶಾಲೆಯಲ್ಲಿ ವರ್ಷಪೂರ್ತಿ ಗಡಿ ಇರುವ ಶೀಟಿನಲ್ಲೇ ಗುರುತಿಸಿದ್ದೆವು. ಒಂದು ಸಲವೂ ನಕ್ಷೆ ಬರೆಸಿರಲಿಲ್ಲ. ಪರೀಕ್ಷೆಯಲ್ಲಿ ಖಾಲಿ ಪುಟದ ಮುಂದೆ ಕೂತಾಗ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ದಕ್ಷಿಣದ ತುದಿ ಪುಟದ ಕೆಳಗೆ ಇಳಿದುಹೋಯಿತು, ಗುಜರಾತಿಗೆ ಜಾಗವೇ ಉಳಿಯಲಿಲ್ಲ, ಕೇಳಿದ್ದ ಬಂದರು ಅಲ್ಲೇ ಇತ್ತು. ಆ ನೋವು ಇವತ್ತಿಗೂ ಇದೆ. ಅದಕ್ಕೇ ಮಕ್ಕಳಿಗೆ ಇಷ್ಟು ಹೇಳುತ್ತೇನೆ.

ಹಾಗಂತ ಈ ಶೀಟು ಬೇಡವೇ ಬೇಡ ಅಲ್ಲ. ಪಾಠ ಓದಿದ ಮೊದಲ ವಾರ, ಯಾವುದು ಯಾವ ರಾಜ್ಯದಲ್ಲಿದೆ ಅಂತ ತಲೆಗೆ ಹತ್ತಿಸಿಕೊಳ್ಳಲು ಇದೇ ಸರಿ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಮಾತು, ಕೊಳ್ಳುವಾಗ ಶೀಟು ಹಳೆಯದಾ ಅಂತ ನೋಡಿ. ತೆಲಂಗಾಣ ಬೇರೆ ರಾಜ್ಯವಾದದ್ದು 2014ರಲ್ಲಿ, ಲಡಾಖ್ ಬೇರೆಯಾದದ್ದು 2019ರಲ್ಲಿ. ಈ ಎರಡು ಗೆರೆ ಇಲ್ಲದಿದ್ದರೆ ಅದು ಹಳೇ ಅಚ್ಚು. ಇಂಟರ್ನೆಟ್ಟಿನಿಂದ ಇಳಿಸಿಕೊಂಡರೆ ಇನ್ನೂ ಜಾಗ್ರತೆ ಬೇಕು. ಹೊರದೇಶದ ಎಷ್ಟೋ ನಕ್ಷೆಗಳಲ್ಲಿ ಜಮ್ಮು ಕಾಶ್ಮೀರ, ಲಡಾಖಿನ ಭಾಗ ಕತ್ತರಿಸಿದ ಹಾಗೆ ಇರುತ್ತದೆ. ಅದನ್ನೇ ನೋಡಿ ಅಭ್ಯಾಸ ಮಾಡಿದ ಮಗು ಪರೀಕ್ಷೆಯಲ್ಲೂ ಹಾಗೇ ಬರೆಯುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆ ಅಥವಾ ಪಠ್ಯಪುಸ್ತಕದ ನಕ್ಷೆಯನ್ನೇ ಅಳತೆಗೆ ಇಟ್ಟುಕೊಳ್ಳಿ.

ಸ್ಟೆನ್ಸಿಲ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದ ಆಕಾರದ ಅಂಚಿಗೆ ಪೆನ್ಸಿಲ್ ಓಡಿಸಿದರೆ ಅರ್ಧ ನಿಮಿಷದಲ್ಲಿ ಭಾರತ ಬಂದುಬಿಡುತ್ತದೆ. ಆದರೆ ಪ್ಲಾಸ್ಟಿಕ್ಕಿನಲ್ಲಿ ಸಣ್ಣ ತಿರುವುಗಳನ್ನು ಕೊರೆಯಲು ಆಗುವುದಿಲ್ಲ, ಹಾಗಾಗಿ ಕಛ್ ಕೊಲ್ಲಿಯೂ ಖಂಭಾತ್ ಕೊಲ್ಲಿಯೂ ಸವೆದುಹೋಗಿರುತ್ತವೆ. ಕಾಂಡ್ಲಾ ಇರುವುದು ಒಂದರ ಒಳಗೆ, ನರ್ಮದೆ ಸೇರುವುದು ಇನ್ನೊಂದಕ್ಕೆ. ಆ ಎರಡು ಕೊಲ್ಲಿಗಳೇ ಇಲ್ಲದಿದ್ದರೆ ಎಲ್ಲಿ ಗುರುತಿಸುವುದು? ನಕ್ಷೆಯೂ ಅಂಗೈಯಷ್ಟೇ ಇರುತ್ತದೆ, ನಾಲ್ಕು ಹೆಸರು ಬರೆದರೆ ಒಂದರ ಮೇಲೆ ಒಂದು ಬೀಳುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅದನ್ನು ಬಳಸಲು ಬಿಡುತ್ತಾರಾ ಅನ್ನುವುದನ್ನು ನಿಮ್ಮ ಶಾಲೆಯಲ್ಲೇ ಕೇಳಿ. ಬಿಡುವುದಿಲ್ಲ ಅಂದುಕೊಂಡೇ ತಯಾರಾಗುವುದು ಕ್ಷೇಮ. ಕೈ ತೀರಾ ನಡುಗುವ ಮಗುವಿಗೆ ಮೊದಲ ಮೂರ್ನಾಲ್ಕು ದಿನ ಆಕಾರ ಅಭ್ಯಾಸವಾಗಲಿ ಅಂತ ಕೊಡಬಹುದು, ಅಷ್ಟೇ.

ಬರೀ ಹೊರಗೆರೆಯ ನಕ್ಷೆ

ಒಳಗೆ ಒಂದು ಗೆರೆಯೂ ಇಲ್ಲದ, ಕರಾವಳಿ ಮತ್ತು ದೇಶದ ಗಡಿ ಮಾತ್ರ ಇರುವ ಶೀಟು ಇದು. ಹಳೇ ಪ್ರಶ್ನೆಪತ್ರಿಕೆ ಬಿಡಿಸಲು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಮಗುವಿಗೆ ಜಾಗ ನಿಜವಾಗಿ ಗೊತ್ತಿದೆಯಾ ಇಲ್ಲವಾ ಅನ್ನುವುದು ಇದರಲ್ಲಿ ಬಯಲಾಗುತ್ತದೆ. ತಪ್ಪಾದರೆ ಅದು ಗುರುತಿಸುವುದರ ತಪ್ಪು, ಬರೆಯುವುದರ ತಪ್ಪಲ್ಲ ಅಂತಲೂ ಗೊತ್ತಾಗುತ್ತದೆ. ಎರಡೂ ಬೆರೆತರೆ ಎಲ್ಲಿ ತಿದ್ದಬೇಕು ಅಂತ ತಿಳಿಯುವುದೇ ಇಲ್ಲ.

ಆದರೆ ಖಾಲಿ ಶೀಟು ಕೊಟ್ಟು ಗುರುತಿಸು ಅಂದರೆ ಯಾವ ಮಗುವಿಗೂ ಆಗುವುದಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕು. ಅದಕ್ಕೆ ಎರಡು ಗೆರೆಗಳಿವೆ, ಕರ್ಕಾಟಕ ಸಂಕ್ರಾಂತಿ ವೃತ್ತ ಮತ್ತು 82½° ಪೂರ್ವ ರೇಖಾಂಶ. ಇವೆರಡೂ ಹಳೇ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಆದರೆ ನಾನು ಇವನ್ನು ಬರೆಸುವುದು ಅಂಕಕ್ಕಾಗಿ ಮಾತ್ರ ಅಲ್ಲ. ಭಾರತದ ಮುಖ್ಯ ಭೂಭಾಗ 8°4' ಉತ್ತರದಿಂದ 37°6' ಉತ್ತರದವರೆಗೆ ಇದೆ, ಅದರ ನಡುಮಧ್ಯ ಇಪ್ಪತ್ತೆರಡೂವರೆ ಆಸುಪಾಸು. ಕರ್ಕಾಟಕ ವೃತ್ತ ಇಪ್ಪತ್ತಮೂರೂವರೆ. ಅಂದರೆ ನಕ್ಷೆಯ ಎತ್ತರದ ಅರ್ಧಕ್ಕಿಂತ ಒಂಚೂರು ಮೇಲೆ. ಅಡ್ಡಕ್ಕೆ ನೋಡಿದರೆ 68°7'ರಿಂದ 97°25' ಪೂರ್ವದವರೆಗೆ ಇದೆ, 82½° ಬರುವುದು ಸರಿಯಾಗಿ ಅರ್ಧಕ್ಕೆ. ಎರಡೂ ಗೆರೆ ಛತ್ತೀಸ್‌ಗಢದ ಉತ್ತರ ಭಾಗದಲ್ಲಿ ಒಂದನ್ನೊಂದು ದಾಟುತ್ತವೆ. ಆ ಕೂಡುವ ಜಾಗವನ್ನು ನಾವು ಕ್ಲಾಸಿನಲ್ಲಿ ಚೌಕ ಅನ್ನುತ್ತೇವೆ. ಊರಿನ ಸರ್ಕಲ್ ಇದ್ದ ಹಾಗೆ. ಅಲ್ಲಿಂದ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಅಂತ ದಾರಿ ಹೇಳಬಹುದು.

ಗೆರೆ ಸರಿ ಬಂತಾ ಅಂತ ನೋಡುವುದು ಹೀಗೆ. ಕರ್ಕಾಟಕ ವೃತ್ತ ಗುಜರಾತಿನ ಕಛ್ ಮೇಲೆ ಹಾದುಹೋಗಬೇಕು, ಸೌರಾಷ್ಟ್ರದ ಉಬ್ಬು ಪೂರ್ತಿ ಅದರ ಕೆಳಗೆ ಬರಬೇಕು. ಬಲಗಡೆ ಕೋಲ್ಕತ್ತಾ ಗೆರೆಯ ಕೆಳಗೆ, ತ್ರಿಪುರಾದ ಅಗರ್ತಲಾ ಗೆರೆಯ ಮೇಲೆ. 82½° ಗೆರೆ ಸಮುದ್ರ ಮುಟ್ಟುವುದು ಆಂಧ್ರದ ಕಾಕಿನಾಡ ದಾಟಿದ ಕೂಡಲೇ, ವಿಶಾಖಪಟ್ಟಣಕ್ಕಿಂತ ಮೊದಲು. ಇಷ್ಟು ಸರಿಯಿದ್ದರೆ ಗೆರೆ ಸರಿ. ಅಂದಹಾಗೆ ಅಚ್ಚಾದ ನಕ್ಷೆಗಳಲ್ಲಿ ಕರ್ಕಾಟಕ ವೃತ್ತ ಸ್ಕೇಲ್ ಇಟ್ಟ ಹಾಗೆ ನೇರವಾಗಿರುವುದಿಲ್ಲ, ಮಧ್ಯದಲ್ಲಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಹಾಗಾಗುತ್ತದೆ. ಮಕ್ಕಳು ಇದನ್ನು ಗಮನಿಸಿ ಕೇಳುತ್ತಾರೆ. ಕೈಯಲ್ಲಿ ಬರೆಯುವಾಗ ನೇರ ಗೆರೆ ಎಳೆದರೆ ಸಾಕು.

ಇನ್ನೂ ಎರಡು ಗೆರೆಗಳನ್ನು ನಾನು ಚುಕ್ಕಿ ಚುಕ್ಕಿಯಾಗಿ ಹಾಕಿಸುತ್ತೇನೆ, ಅಭ್ಯಾಸಕ್ಕೆ ಮಾತ್ರ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಸುಮಾರು 13° ಉತ್ತರದಲ್ಲಿವೆ, ಒಂದೇ ಅಡ್ಡಗೆರೆ. ಕನ್ಯಾಕುಮಾರಿ, ಬೆಂಗಳೂರು, ಭೋಪಾಲ್, ದೆಹಲಿ ನಾಲ್ಕೂ ಸುಮಾರು 77½° ಪೂರ್ವದಲ್ಲಿವೆ, ಒಂದೇ ಉದ್ದಗೆರೆ. ಬೆಂಗಳೂರನ್ನು ಮಧ್ಯಪ್ರದೇಶದ ಹತ್ತಿರ ಇಡುವ ಮಗು ಈ ಗೆರೆ ಹಾಕಿದ ಮೇಲೆ ಆ ತಪ್ಪು ಮತ್ತೆ ಮಾಡಿದ್ದನ್ನು ನಾನು ನೋಡಿಲ್ಲ.

ಕೈಯಲ್ಲೇ ಬರೆಯುವುದು

ಎಸ್ಸೆಸ್ಸೆಲ್ಸಿಗೆ ಕೊನೆಗೆ ಬೇಕಾಗುವುದು ಇದೇ. ಕಷ್ಟದ್ದೂ ಇದೇ. ಮಕ್ಕಳು ಸಾಮಾನ್ಯವಾಗಿ ಕಾಶ್ಮೀರದಿಂದ ಶುರು ಮಾಡಿ ಗೆರೆ ಎಳೆಯುತ್ತಾ ಬರುತ್ತಾರೆ. ಕೆಳಗೆ ಬರುವ ಹೊತ್ತಿಗೆ ಅಳತೆ ತಪ್ಪಿರುತ್ತದೆ. ಅದರ ಬದಲು ಮೊದಲು ಒಂದು ಪೆಟ್ಟಿಗೆ ಹಾಕಿಸಿ. ಎತ್ತರ 15 ಸೆಂಟಿಮೀಟರ್, ಅಗಲ 14. ಭಾರತ ಉತ್ತರದಿಂದ ದಕ್ಷಿಣಕ್ಕೆ 3214 ಕಿಲೋಮೀಟರ್, ಪೂರ್ವ ಪಶ್ಚಿಮ 2933 ಕಿಲೋಮೀಟರ್, ಹಾಗಾಗಿ ಉದ್ದ ಅಗಲಕ್ಕಿಂತ ಸ್ವಲ್ಪವೇ ಜಾಸ್ತಿ. ಬಹಳ ಮಕ್ಕಳು ಉದ್ದುದ್ದ ಬರೆದು ಭಾರತವನ್ನು ಸೊರಗಿಸಿಬಿಡುತ್ತಾರೆ. ಪೆಟ್ಟಿಗೆ ಅದನ್ನು ತಡೆಯುತ್ತದೆ.

ಪೆಟ್ಟಿಗೆಯಲ್ಲಿ ಕೆಳಗಿನಿಂದ 8 ಸೆಂಟಿಮೀಟರಿಗೆ ಅಡ್ಡಗೆರೆ, ಅದು ಕರ್ಕಾಟಕ ವೃತ್ತ. ಎಡಗಡೆಯಿಂದ 7 ಸೆಂಟಿಮೀಟರಿಗೆ ಉದ್ದಗೆರೆ, ಅದು 82½°. ಪ್ರಶ್ನೆಯಲ್ಲಿ ಕೇಳಿದ್ದರೆ ಎರಡು ಉತ್ತರ ಆಗಲೇ ಮುಗಿದವು. ಈಗ ನಾಲ್ಕು ಚುಕ್ಕಿ ಸಾಕು. ಕೆಳಗಿನ ಅಂಚಿನಲ್ಲಿ ಎಡದಿಂದ ನಾಲ್ಕೂವರೆ ಸೆಂಟಿಮೀಟರಿಗೆ ಕನ್ಯಾಕುಮಾರಿ. ಎಡದಿಂದ ಎರಡು ಕಾಲು, ಕೆಳಗಿನಿಂದ ಐದು ಮುಕ್ಕಾಲಿಗೆ ಮುಂಬೈ. ಉದ್ದಗೆರೆಯ ಹತ್ತಿರ, ಕೆಳಗಿನಿಂದ ನಾಲ್ಕೂವರೆಗೆ ಕಾಕಿನಾಡ, ಪೂರ್ವ ಕರಾವಳಿ ಬಲಕ್ಕೆ ಜಾಸ್ತಿ ವಾಲುವುದು ಇಲ್ಲಿಂದಲೇ. ಎಡದಿಂದ ಹತ್ತು, ಕೆಳಗಿನಿಂದ ಏಳಕ್ಕೆ ಸುಂದರಬನದ ಕರಾವಳಿ. ಗುಜರಾತಿನ ಪಶ್ಚಿಮ ತುದಿ ಎಡ ಅಂಚನ್ನು ಮುಟ್ಟುವುದು ಕರ್ಕಾಟಕ ವೃತ್ತದ ಹತ್ತಿರವೇ. ಈ ಚುಕ್ಕಿಗಳನ್ನು ಸೇರಿಸುತ್ತಾ ಹೋದರೆ ಕರಾವಳಿ ಬರುತ್ತದೆ. ಉತ್ತರದ ಗಡಿಯನ್ನು ಆಮೇಲೆ ನಿಧಾನವಾಗಿ ಬರೆಯಿಸಿ. ಕೇಳುವ ಜಾಗಗಳಲ್ಲಿ ಬಹಳಷ್ಟು ಕರಾವಳಿ ಮತ್ತು ದಖನ್ ಕಡೆಗೇ ಇರುತ್ತವೆ, ಹಾಗಾಗಿ ಕರಾವಳಿ ಸರಿ ಬಂದರೆ ಮುಕ್ಕಾಲು ಗೆದ್ದ ಹಾಗೆ.

ಅಂಡಮಾನ್ ನಿಕೋಬಾರ್, ಲಕ್ಷದ್ವೀಪ ಮರೆಯಬೇಡಿ. ಇಂದಿರಾ ಪಾಯಿಂಟ್ ಕೇಳಿದರೆ ಅದು 6°45' ಉತ್ತರದಲ್ಲಿದೆ, ಅಂದರೆ ಕನ್ಯಾಕುಮಾರಿಗಿಂತಲೂ ಕೆಳಗೆ, ಪೆಟ್ಟಿಗೆಯ ಹೊರಗೆ. ಬಲಗಡೆಗೆ, ಎಡದಿಂದ ಸುಮಾರು 12 ಸೆಂಟಿಮೀಟರಿಗೆ ಬರುತ್ತದೆ. ಕನ್ಯಾಕುಮಾರಿಯ ಚುಕ್ಕಿಗೇ ಇಂದಿರಾ ಪಾಯಿಂಟ್ ಅಂತ ಹೆಸರು ಬರೆಯುವ ತಪ್ಪು ಪ್ರತಿ ವರ್ಷ ನೋಡುತ್ತೇನೆ.

ಪೆಟ್ಟಿಗೆಯ ಗೆರೆಗಳು ತೆಳ್ಳಗಿರಲಿ, ಕೊನೆಗೆ ಅಳಿಸಬೇಕು. ಶುರುವಿನಲ್ಲಿ ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯುತ್ತದೆ. ದಿನಕ್ಕೊಂದರಂತೆ ಎರಡು ವಾರ ಬರೆದ ಮಕ್ಕಳು ಏಳೆಂಟು ನಿಮಿಷಕ್ಕೆ ಮುಗಿಸುತ್ತಾರೆ. ಹತ್ತು ನಿಮಿಷದ ಒಳಗೆ ಬಾರದಿದ್ದರೆ ಪರೀಕ್ಷೆಯಲ್ಲಿ ಬೇರೆ ಪ್ರಶ್ನೆಗಳ ಸಮಯ ತಿನ್ನುತ್ತದೆ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ

ಹಳೇ ಪತ್ರಿಕೆಗಳಲ್ಲಿ ಬರುವ ರೀತಿಯದೇ ನಾಲ್ಕು ತೆಗೆದುಕೊಳ್ಳೋಣ. 82½° ಪೂರ್ವ ರೇಖಾಂಶ, ನರ್ಮದಾ ನದಿ, ಹಿರಾಕುಡ್ ಅಣೆಕಟ್ಟು, ಕಾಂಡ್ಲಾ ಬಂದರು. ಮೇಲೆ ಹೇಳಿದ ಪೆಟ್ಟಿಗೆಯ ಅಳತೆಯಲ್ಲೇ ಹೋಗೋಣ.

ರೇಖಾಂಶ ಆಗಲೇ ಬಂದಿದೆ. ಅದನ್ನು ಮೇಲಿನ ಗಡಿಯಿಂದ ಕೆಳಗೆ ಸಮುದ್ರದವರೆಗೆ ಗಟ್ಟಿಯಾಗಿ ಎಳೆದು, ಪಕ್ಕದಲ್ಲಿ 82½° ಪೂ. ಅಂತ ಬರೆಯಬೇಕು. ಕರ್ಕಾಟಕ ವೃತ್ತವನ್ನು ಈ ಸಲ ಕೇಳಿಲ್ಲ, ಹಾಗಾಗಿ ಅದು ತೆಳ್ಳಗೇ ಇದ್ದು ಕೊನೆಗೆ ಅಳಿಸಿಹೋಗಲಿ. ಅಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ.

ನರ್ಮದೆ ಹುಟ್ಟುವುದು ಅಮರಕಂಟಕದಲ್ಲಿ. ನಮ್ಮ ಚೌಕದಿಂದ ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ, ನಾಲ್ಕು ಮಿಲಿಮೀಟರಿನಷ್ಟು. ಅಲ್ಲಿಂದ ಎಡಕ್ಕೆ ಹರಿಯುತ್ತದೆ, ಕರ್ಕಾಟಕ ವೃತ್ತಕ್ಕೆ ಹೆಚ್ಚು ಕಡಿಮೆ ಜೊತೆಜೊತೆಗೇ, ನಿಧಾನಕ್ಕೆ ಇಳಿಯುತ್ತಾ. ಖಂಭಾತ್ ಕೊಲ್ಲಿ ಸೇರುವ ಹೊತ್ತಿಗೆ ಗೆರೆಯಿಂದ ಒಂದು ಸೆಂಟಿಮೀಟರ್ ಕೆಳಗೆ ಬಂದಿರುತ್ತದೆ. ಮಕ್ಕಳು ಇದನ್ನು ಎಳೆದುಕೊಂಡು ಹೋಗಿ ಮುಂಬೈ ಹತ್ತಿರ ಸಮುದ್ರಕ್ಕೆ ಬಿಡುತ್ತಾರೆ. ಮುಂಬೈ ಇನ್ನೂ ಒಂದೂ ಕಾಲು ಸೆಂಟಿಮೀಟರ್ ಕೆಳಗಿದೆ. ಈ ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ಇನ್ನೂರು ಕಿಲೋಮೀಟರಿಗೂ ಜಾಸ್ತಿ, ಅದು ಸಣ್ಣ ತಪ್ಪಲ್ಲ.

ಇಲ್ಲಿ ಇನ್ನೊಂದು ಗೊಂದಲ ಇದೆ, ತಪತಿ. ಅದು ಸೂರತ್ ಹತ್ತಿರ ಸಮುದ್ರ ಸೇರುತ್ತದೆ, ನರ್ಮದೆಯ ಬಾಯಿಂದ ನಮ್ಮ ನಕ್ಷೆಯಲ್ಲಿ ಬರೀ ಮೂರು ಮಿಲಿಮೀಟರ್ ಕೆಳಗೆ. ಬಾಯಿ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಹುಟ್ಟುವ ಜಾಗ ನೋಡಿ. ನರ್ಮದೆಯದು 1312 ಕಿಲೋಮೀಟರ್ ಉದ್ದದ ಹರಿವು, ಅದು ಚೌಕದ ಹತ್ತಿರದಿಂದಲೇ ಹೊರಡುತ್ತದೆ. ತಪತಿ 724 ಕಿಲೋಮೀಟರ್, ಮಧ್ಯಪ್ರದೇಶದ ಮುಲ್ತಾಯಿಯಿಂದ, ನಮ್ಮ ಬೆಂಗಳೂರು ದೆಹಲಿ ಉದ್ದಗೆರೆಯ ಸ್ವಲ್ಪ ಬಲಗಡೆಯಿಂದ ಶುರುವಾಗುತ್ತದೆ. ಉದ್ದದ ಗೆರೆ ಮೇಲೆ, ಅದರ ಅರ್ಧದಷ್ಟು ಉದ್ದದ್ದು ಕೆಳಗೆ. ಹೀಗೆ ಹೇಳಿಕೊಟ್ಟರೆ ಮರೆಯುವುದಿಲ್ಲ.

ಹಿರಾಕುಡ್ ಮಹಾನದಿಯ ಮೇಲಿದೆ, ಒಡಿಶಾದ ಸಂಬಲ್‌ಪುರದ ಹತ್ತಿರ. ಚೌಕದಿಂದ ಅರ್ಧ ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ ಬಲಕ್ಕೆ, ಒಂದು ಸೆಂಟಿಮೀಟರ್ ಕೆಳಕ್ಕೆ. ಒಡಿಶಾ ಅಂದ ಕೂಡಲೇ ಮಕ್ಕಳು ಕರಾವಳಿಗೆ ಅಂಟಿಸಿ ಇಟ್ಟುಬಿಡುತ್ತಾರೆ, ಅಲ್ಲಿ ಇರುವುದು ಪಾರಾದೀಪ್ ಬಂದರು. ಹಿರಾಕುಡ್ ಒಳನಾಡಿನಲ್ಲಿದೆ, ಸಮುದ್ರಕ್ಕಿಂತ 82½° ಗೆರೆಗೇ ಹತ್ತಿರ. ರಾಜ್ಯದ ಗಡಿ ಇರುವ ಶೀಟಿನಲ್ಲಿ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಎರಡೂ ಒಡಿಶಾದ ಒಳಗೇ ಇರುತ್ತವಲ್ಲ.

ಕಾಂಡ್ಲಾ ಕಛ್ ಕೊಲ್ಲಿಯ ಒಳತುದಿಯಲ್ಲಿದೆ. ಎಡ ಅಂಚಿನಿಂದ ಒಂದು ಸೆಂಟಿಮೀಟರ್, ಕರ್ಕಾಟಕ ವೃತ್ತದಿಂದ ಎರಡು ಮೂರು ಮಿಲಿಮೀಟರ್ ಕೆಳಗೆ. ಕೊಲ್ಲಿಯ ಸೀಳನ್ನು ಮೊದಲೇ ಬರೆದಿರಬೇಕು, ಆಗ ಚುಕ್ಕಿಗೆ ಜಾಗ ತಾನಾಗೇ ಸಿಗುತ್ತದೆ. ಸೌರಾಷ್ಟ್ರದ ಹೊರ ಅಂಚಿನಲ್ಲಿ ಇಟ್ಟರೆ ತಪ್ಪು.

ನಾಲ್ಕರಲ್ಲಿ ಮೂರು ಜಾಗ ಚೌಕದ ಸುತ್ತ ಅಥವಾ ಕರ್ಕಾಟಕ ಗೆರೆಯ ಪಕ್ಕದಲ್ಲೇ ಇವೆ, ಗಮನಿಸಿದಿರಾ? ಛೋಟಾ ನಾಗಪುರ ಪ್ರಸ್ಥಭೂಮಿಯೂ ಅದೇ ಗೆರೆಯ ಮೇಲೆ, ಚೌಕದ ಬಲಕ್ಕೆ ಬರುತ್ತದೆ. ಹಾಲ್ದಿಯಾ ಗೆರೆಯ ಕೆಳಗೆ. ಅದಕ್ಕೇ ಆ ಎರಡು ಗೆರೆ ಮೊದಲು.

ಗುರುತು ಹಾಕುವ ರೀತಿಯೂ ಬೇರೆ ಬೇರೆ. ಬಂದರು, ಅಣೆಕಟ್ಟು, ಅಣುಸ್ಥಾವರಕ್ಕೆ ಚುಕ್ಕಿ. ನದಿಗೆ ಹುಟ್ಟಿನಿಂದ ಬಾಯಿಯವರೆಗೆ ಗೆರೆ. ಪ್ರಸ್ಥಭೂಮಿಗೆ ಓರೆ ಗೀಟುಗಳ ತೇಪೆ. ಕೊರಮಂಡಲ ತೀರ, ಮಲಬಾರ್ ತೀರಕ್ಕೆ ಕರಾವಳಿಯ ಉದ್ದಕ್ಕೂ ದಪ್ಪ ಗೆರೆ. ಕೊರಮಂಡಲಕ್ಕೆ ಚೆನ್ನೈ ಹತ್ತಿರ ಒಂದು ಚುಕ್ಕಿ ಇಟ್ಟು ಬಂದ ಮಗುವಿಗೆ ಜಾಗ ಗೊತ್ತಿತ್ತು, ಆದರೆ ಅದು ಊರಲ್ಲ ಅನ್ನುವುದು ಹೊಳೆದಿರಲಿಲ್ಲ.

ಹಳೇ ಪತ್ರಿಕೆಯನ್ನು ವರ್ಷದ ಪ್ರಕಾರ ಬಿಡಿಸುವುದೋ, ಗುಂಪು ಮಾಡಿ ಬಿಡಿಸುವುದೋ?

ಬಹಳ ಜನ ವರ್ಷದ ಪ್ರಕಾರ ಬಿಡಿಸುತ್ತಾರೆ. ಒಂದು ಪತ್ರಿಕೆಗೆ ನಾಲ್ಕು ಜಾಗ, ನಾಲ್ಕೂ ಬೇರೆ ಬೇರೆ ಪಾಠದವು. ಅದು ಪರೀಕ್ಷೆಯ ಅಭ್ಯಾಸಕ್ಕೆ ಸರಿ, ಕಲಿಯುವುದಕ್ಕೆ ಅಲ್ಲ. ನರ್ಮದೆಯನ್ನು ತಪತಿಯ ಪಕ್ಕ ಇಟ್ಟು ನೋಡದಿದ್ದರೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ?

ನಾನು ಮೊದಲು ಗುಂಪು ಮಾಡಿಸುತ್ತೇನೆ. ನಾಲ್ಕೈದು ವರ್ಷದ ಪತ್ರಿಕೆಗಳನ್ನು ಹರಡಿಕೊಂಡು ಮ್ಯಾಪ್ ಪ್ರಶ್ನೆಯ ಹೆಸರುಗಳನ್ನು ಮಾತ್ರ ಒಂದು ಹಾಳೆಗೆ ಇಳಿಸುವುದು. ನದಿಗಳು ಒಂದು ಕಡೆ, ಬಂದರು ಒಂದು ಕಡೆ, ಅಣೆಕಟ್ಟು, ಅಣುಸ್ಥಾವರ, ತೀರ ಮತ್ತು ಪ್ರಸ್ಥಭೂಮಿ, ಹವಾಮಾನದ ಊರುಗಳು. ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು. 2024ರಲ್ಲೂ 2025ರಲ್ಲೂ ವರ್ಷಕ್ಕೆ ಮೂರು ಪರೀಕ್ಷೆ ನಡೆದದ್ದರಿಂದ ಪತ್ರಿಕೆಗಳಿಗೆ ಬರ ಇಲ್ಲ. 2021ರದ್ದನ್ನು ಮಾತ್ರ ಬಿಟ್ಟುಬಿಡಿ, ಕೊರೊನಾ ವರ್ಷ ಅದು, ಪರೀಕ್ಷೆ ಬಹು ಆಯ್ಕೆ ಪ್ರಶ್ನೆಗಳಲ್ಲಿ ನಡೆದಿತ್ತು. ಆಮೇಲೆ ಒಂದು ಗುಂಪಿಗೆ ಒಂದು ಹೊರಗೆರೆ ಶೀಟು. ಎಲ್ಲ ಬಂದರುಗಳೂ ಒಂದೇ ಶೀಟಿನಲ್ಲಿ ಕೂತಾಗ ಪಾರಾದೀಪ್ ಮೇಲೋ ವಿಶಾಖಪಟ್ಟಣ ಮೇಲೋ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಒಂದು ಅಂಕದ ಪ್ರಶ್ನೆಗಳನ್ನೂ ಇದೇ ಶೀಟಿಗೆ ತನ್ನಿ. ಭಾಕ್ರಾ ನಂಗಲ್ ಯಾವ ನದಿಗೆ ಕಟ್ಟಲಾಗಿದೆ ಅಂತ ಕೇಳಿದ್ದರೆ ಸಟ್ಲೆಜ್ ಅಂತ ಬಾಯಿಪಾಠ ಮಾಡಿ ಬಿಡಬೇಡಿ, ಹಿಮಾಚಲ ಪಂಜಾಬ್ ಕಡೆ ಅದನ್ನು ಗುರುತಿಸಲಿ. ಅತಿ ಹೆಚ್ಚು ಮಳೆ ಎಲ್ಲಿ ಅಂದರೆ ಮೇಘಾಲಯದಲ್ಲಿ ಮೌಸಿನ್ರಾಮ್ ಚುಕ್ಕಿ ಬೀಳಲಿ. ಎಲ್ಲಿದೆ ಅನ್ನುವ ಪ್ರಶ್ನೆ ಪತ್ರಿಕೆಯ ಯಾವ ಭಾಗದಲ್ಲಿ ಬಂದರೂ ಅದು ಮ್ಯಾಪ್ ಪ್ರಶ್ನೆಯೇ.

ಹಳೇ ಪತ್ರಿಕೆ ನೋಡುವಾಗ ಹೆಸರಿನ ಕಡೆ ಗಮನ ಇರಲಿ. ಕಾಂಡ್ಲಾ ಬಂದರಿಗೆ 2017ರಲ್ಲಿ ದೀನದಯಾಳ್ ಬಂದರು ಅಂತ ಹೆಸರಿಟ್ಟರು. ಅಲಹಾಬಾದ್ 2018ರಲ್ಲಿ ಪ್ರಯಾಗ್‌ರಾಜ್ ಆಯಿತು. ಎರಡೂ ಹೆಸರನ್ನು ಪಟ್ಟಿಯಲ್ಲಿ ಒಟ್ಟಿಗೆ ಬರೆಸಿ, ಇಲ್ಲದಿದ್ದರೆ ಮಗು ಒಂದೇ ಊರನ್ನು ಎರಡು ಅಂದುಕೊಳ್ಳುತ್ತದೆ.

ವರ್ಷದ ಪ್ರಕಾರ ಬಿಡಿಸುವುದನ್ನು ಕೊನೆಯ ಒಂದು ತಿಂಗಳಿಗೆ ಇಟ್ಟುಕೊಳ್ಳಿ. ಆಗ ಅಚ್ಚಾದ ಶೀಟು ಬೇಡ, ಬಿಳಿ ಹಾಳೆ, ಪೆಟ್ಟಿಗೆ, ಗಡಿಯಾರ.

ತಿದ್ದುವುದು ಹೇಗೆ

ಅಟ್ಲಾಸ್ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ತಿದ್ದಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಮಗುವಿಗೆ ಅಂಕ ಕೊಡುವ ಆಸೆ ನಮಗೂ ಇರುತ್ತದಲ್ಲ. ಅದರ ಬದಲು ಬಟರ್ ಪೇಪರ್ ತನ್ನಿ. ನೀವು ಬಳಸುವ ಹೊರಗೆರೆ ಶೀಟಿನ ಮೇಲೆ ಅದನ್ನಿಟ್ಟು ಗೆರೆ ಇಳಿಸಿಕೊಳ್ಳಿ, ಅಟ್ಲಾಸ್ ನೋಡಿ ಜಾಗಗಳನ್ನು ನಿಧಾನವಾಗಿ ಅಳೆದು ಗುರುತಿಸಿ. ಇದು ನಿಮ್ಮ ಉತ್ತರ ಹಾಳೆ. ಮಗು ಬಿಡಿಸಿದ ಶೀಟಿನ ಮೇಲೆ ಇದನ್ನು ಹಾಸಿದರೆ ಚುಕ್ಕಿ ಎಷ್ಟು ಸರಿದಿದೆ ಅಂತ ಸ್ಕೇಲಿನಲ್ಲಿ ಅಳೆಯಬಹುದು. ನಾನು ಮೂರು ಮಿಲಿಮೀಟರ್ ಒಳಗಿದ್ದರೆ ಸರಿ ಅನ್ನುತ್ತೇನೆ, ಐದು ದಾಟಿದರೆ ಮತ್ತೆ ಮಾಡಿಸುತ್ತೇನೆ. ಇದು ನನ್ನ ಲೆಕ್ಕ, ಪರೀಕ್ಷಕರದ್ದಲ್ಲ. ಕೈಯಲ್ಲಿ ಬರೆದ ನಕ್ಷೆಗೆ ಇಷ್ಟು ಬಿಗಿ ಬೇಡ. ಅಲ್ಲಿ ಕೇಳಬೇಕಾದ್ದು ಬೇರೆ: ಹಿರಾಕುಡ್ 82½° ಗೆರೆಯ ಬಲಕ್ಕಿದೆಯಾ, ಕಾಂಡ್ಲಾ ಕೊಲ್ಲಿಯ ಒಳಗಿದೆಯಾ, ಚೆನ್ನೈ ಬೆಂಗಳೂರಿನ ನೇರಕ್ಕಿದೆಯಾ.

ತಪ್ಪು ಯಾವ ಕಡೆಗೆ ಸರಿಯುತ್ತದೆ ಅಂತಲೂ ನೋಡಿ. ಕಳೆದ ವರ್ಷ ನಮ್ಮ ಬೀದಿಯ ಹುಡುಗಿಯೊಬ್ಬಳ ಶೀಟುಗಳ ಮೇಲೆ ಬಟರ್ ಪೇಪರ್ ಹಾಸಿದಾಗ ಎಲ್ಲ ಚುಕ್ಕಿಗಳೂ ಕೆಳಕ್ಕೆ ಸರಿದಿದ್ದವು. ಸೂರತ್, ಹಿರಾಕುಡ್, ಪಾರಾದೀಪ್, ಎಲ್ಲವೂ ಆರೇಳು ಮಿಲಿಮೀಟರ್ ಕೆಳಗೆ. ಒಂದೊಂದನ್ನೂ ಬೇರೆ ಬೇರೆ ತಿದ್ದುತ್ತಾ ಕೂತಿದ್ದರೆ ತಿಂಗಳಾಗುತ್ತಿತ್ತು. ಅವಳು ಕರ್ಕಾಟಕ ವೃತ್ತವನ್ನೇ ಸೌರಾಷ್ಟ್ರದ ಮಧ್ಯದಲ್ಲಿ ಎಳೆಯುತ್ತಿದ್ದಳು. ಆ ಒಂದು ಗೆರೆಯನ್ನು ಮೇಲಕ್ಕೆ, ಕಛ್ ಮೇಲಕ್ಕೆ ತಂದೆವು. ಮರುದಿನದ ಶೀಟಿನಲ್ಲಿ ತಪತಿ ಮಾತ್ರ ಸ್ವಲ್ಪ ಉದ್ದವಾಗಿತ್ತು, ಉಳಿದದ್ದೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು.